ಆ 943 ಎಲ್ಲಿಂದ ಬಂತು? ಅಂಕಿಅಂಶ ಇರುವ ಲೇಖನ ಪ್ರಕಟಿಸುವ ಮುಂಚೆ ನೋಡಬೇಕಾದ್ದು

ಪ್ರಶ್ನೆ: ನಮಸ್ಕಾರ ಮೇಡಂ. ಹೆಣ್ಣುಮಕ್ಕಳ ಸಂಖ್ಯೆ ಬಗ್ಗೆ ಒಂದು ಲೇಖನ ಬರೆದಿದ್ದೇನೆ. ಅದರಲ್ಲಿ ಹೀಗಿದೆ: "ಕರ್ನಾಟಕದಲ್ಲಿ ಲಿಂಗಾನುಪಾತ 2001ರಲ್ಲಿ 946 ಇದ್ದದ್ದು 2011ರಲ್ಲಿ 943ಕ್ಕೆ ಇಳಿಯಿತು. 2021ರಲ್ಲಿ 1034ಕ್ಕೆ ಏರಿತು. ದೇಶದಲ್ಲೂ ಮೊದಲ ಬಾರಿಗೆ ಹೆಂಗಸರು ಗಂಡಸರಿಗಿಂತ ಜಾಸ್ತಿಯಾಗಿದ್ದಾರೆ (1020). ಇದಕ್ಕೆ ಬೇಟಿ ಬಚಾವೋ ಯೋಜನೆ ಕಾರಣ. ಭ್ರೂಣಹತ್ಯೆಯಿಂದ ಭಾರತದಲ್ಲಿ 10 ಕೋಟಿ ಹೆಣ್ಣುಮಕ್ಕಳು ಕಾಣೆಯಾಗಿದ್ದಾರೆ ಎಂದು ಅಮರ್ತ್ಯ ಸೇನ್ ಹೇಳಿದ್ದಾರೆ." ಎಲ್ಲವನ್ನೂ ಪತ್ರಿಕೆಗಳಲ್ಲಿ ಓದಿಯೇ ಬರೆದದ್ದು. ಪ್ರಕಟಿಸುವ ಮುಂಚೆ ಇನ್ನೇನು ಪರಿಶೀಲಿಸಬೇಕು? ಕೆಲವು ಭಾಗಗಳನ್ನು ಇಂಗ್ಲಿಷ್ ಲೇಖನಗಳಿಂದ ಕನ್ನಡಕ್ಕೆ ತಂದಿದ್ದೇನೆ, ಅದು ಕದ್ದ ಹಾಗೆ ಆಗುತ್ತಾ?

ಉತ್ತರ: ನಿಮ್ಮ ಪ್ಯಾರಾದಲ್ಲಿರುವ ಸಂಖ್ಯೆಗಳನ್ನು ಯಾರೂ ಹುಟ್ಟಿಸಿಕೊಂಡು ಬರೆದದ್ದಲ್ಲ. 946, 943, 1034, 1020 ನಾಲ್ಕೂ ಸರ್ಕಾರದ ದಾಖಲೆಗಳಲ್ಲಿ ಸಿಗುತ್ತವೆ. ಆದರೂ ಈ ಪ್ಯಾರಾವನ್ನು ಹೀಗೇ ಪ್ರಕಟಿಸಬೇಡಿ. ಇದರಲ್ಲಿ ನಿಲ್ಲುವ ವಾಕ್ಯ ಒಂದೂ ಇಲ್ಲ. ಸಂಖ್ಯೆ ಎಲ್ಲೋ ಅಚ್ಚಾಗಿದೆಯಾ ಎಂದು ನೋಡಿ ಕೆಲಸ ಮುಗಿಯಿತು ಅಂದುಕೊಳ್ಳುವವರು ಬಹಳ. ಆದರೆ ನಿಮ್ಮ ವಾಕ್ಯ ಹೇಳುತ್ತಿರುವುದನ್ನೇ ಆ ಸಂಖ್ಯೆಯೂ ಹೇಳುತ್ತಿದೆಯಾ ಅನ್ನುವುದೇ ಅಸಲು ಪ್ರಶ್ನೆ.

ಮೊದಲು ಲೇಖನದ ಪ್ರಿಂಟ್ ತೆಗೆದು ಪೆನ್ನು ಹಿಡಿದು ಕೂರಿ. ಯಾರಾದರೂ "ಅಲ್ಲ, ಹಾಗಿಲ್ಲ" ಎಂದು ತಕರಾರು ತೆಗೆಯಬಹುದಾದ ಪ್ರತಿ ಮಾತಿನ ಕೆಳಗೆ ಗೆರೆ ಎಳೆಯಿರಿ. ಅಂಕಿಗಳ ಕೆಳಗೆ ಮಾತ್ರ ಎಳೆದರೆ ಸಾಲದು. "ಇಳಿಯಿತು", "ಏರಿತು", "ಮೊದಲ ಬಾರಿಗೆ", "ಇದಕ್ಕೆ ಕಾರಣ" ಇವೂ ಪರಿಶೀಲಿಸಬೇಕಾದ ಮಾತುಗಳೇ, ನನ್ನ ಅನುಭವದಲ್ಲಿ ತಪ್ಪು ಜಾಸ್ತಿ ಅಡಗಿರುವುದು ಇಂಥ ಪದಗಳಲ್ಲೇ. ಆಮೇಲೆ ಒಂದು ಶೀಟ್ ಮಾಡಿ. ಪ್ರತಿ ಮಾತಿನ ಎದುರಿಗೆ ಐದು ವಿಷಯ ಬರೆಯಿರಿ: ಏನನ್ನು ಎಣಿಸಿದ್ದಾರೆ, ಯಾರನ್ನು ಎಣಿಸಿದ್ದಾರೆ, ಯಾವಾಗ ಎಣಿಸಿದ್ದಾರೆ, ಯಾರು ಎಣಿಸಿದ್ದಾರೆ, ಯಾವ ದಾಖಲೆಯ ಯಾವ ಪುಟ. ಐದನ್ನೂ ತುಂಬಲಾಗದ ಮಾತು ಲೇಖನದಲ್ಲಿ ಇರಬಾರದು. ಈ ಶೀಟ್ ಇಟ್ಟುಕೊಂಡು ನಿಮ್ಮ ಪ್ಯಾರಾದ ಒಳಗೇ ಹೋಗೋಣ.

ಮೊದಲು 946 ಮತ್ತು 943. "ಏನನ್ನು ಎಣಿಸಿದ್ದಾರೆ" ಅನ್ನುವಲ್ಲಿ ನೀವು "ಲಿಂಗಾನುಪಾತ" ಎಂದು ಬರೆಯುತ್ತೀರಿ ಅಲ್ವಾ? ಆದರೆ ಜನಗಣತಿಯಲ್ಲಿ ಎರಡು ಲಿಂಗಾನುಪಾತ ಇವೆ. ಒಂದು ಇಡೀ ಜನಸಂಖ್ಯೆಯದು. ಇನ್ನೊಂದು 0–6 ವರ್ಷದ ಮಕ್ಕಳದು ಮಾತ್ರ. ನೀವು ಕೊಟ್ಟಿರುವ 946 ಎರಡನೆಯದು: 2001ರ ಗಣತಿಯಲ್ಲಿ ಕರ್ನಾಟಕದ 0–6 ವಯಸ್ಸಿನ ಸಾವಿರ ಗಂಡುಮಕ್ಕಳಿಗೆ ಎಷ್ಟು ಹೆಣ್ಣುಮಕ್ಕಳು ಅನ್ನುವ ಲೆಕ್ಕ. ಹಾಗಾದರೆ 943? ಇಲ್ಲಿ ಹುಷಾರಾಗಿರಬೇಕು, ಏಕೆಂದರೆ 2011ರ ಗಣತಿಯಲ್ಲಿ 943 ಅನ್ನುವ ಸಂಖ್ಯೆ ಎರಡು ಬೇರೆ ಬೇರೆ ಜಾಗದಲ್ಲಿ ಬರುತ್ತದೆ. ಇಡೀ ಭಾರತದ ಒಟ್ಟು ಜನಸಂಖ್ಯೆಯ ಲಿಂಗಾನುಪಾತವೂ 943. ಕರ್ನಾಟಕದ ಮಕ್ಕಳ ಲಿಂಗಾನುಪಾತವೂ ಒಂದು ಹಂತದಲ್ಲಿ 943 ಆಗಿತ್ತು.

"ಒಂದು ಹಂತದಲ್ಲಿ" ಅಂದೆನಲ್ಲ, ವಿಷಯ ಇರುವುದೇ ಅಲ್ಲಿ. ಜನಗಣತಿಯ ಫಲಿತಾಂಶ ಒಂದೇ ಸಲ ಹೊರಬರುವುದಿಲ್ಲ. 2011ರ ಮಾರ್ಚ್ ಕೊನೆಗೆ ತಾತ್ಕಾಲಿಕ ಅಂಕಿಗಳು ಬಂದವು. ಎಣಿಕೆ ಮುಗಿದ ಕೂಡಲೇ ಬೇಗ ಬೇಗ ಕೂಡಿಸಿ ಕೊಟ್ಟ ಲೆಕ್ಕ ಅದು. ಎಲ್ಲ ಫಾರಂಗಳನ್ನು ಸ್ಕ್ಯಾನ್ ಮಾಡಿ, ತಾಳೆ ನೋಡಿ, ಅಂತಿಮ ಅಂಕಿ ಕೊಟ್ಟದ್ದು 2013ರಲ್ಲಿ. ಕರ್ನಾಟಕದ ಮಕ್ಕಳ ಲಿಂಗಾನುಪಾತ ತಾತ್ಕಾಲಿಕ ಪಟ್ಟಿಯಲ್ಲಿ 943 ಇತ್ತು, ಅಂತಿಮ ಪಟ್ಟಿಯಲ್ಲಿ 948 ಆಯಿತು. ಐದರ ವ್ಯತ್ಯಾಸ, ಏನು ಮಹಾ ಅನ್ನಿಸಬಹುದು. ಆದರೆ 2001ರ 946ರ ಪಕ್ಕದಲ್ಲಿ ಇಟ್ಟು ನೋಡಿ. 943 ಆದರೆ ಇಳಿದಿದೆ. 948 ಆದರೆ ಏರಿದೆ. ನಿಮ್ಮ ವಾಕ್ಯದ ಕ್ರಿಯಾಪದವೇ ತಿರುಗಿ ನಿಲ್ಲುತ್ತದೆ. 2011ರ ಏಪ್ರಿಲ್‌ನಲ್ಲಿ ವರದಿ ಬರೆದವರು "ಇಳಿಯಿತು" ಎಂದು ಬರೆದದ್ದು ಆ ದಿನಕ್ಕೆ ಸರಿಯಾಗಿಯೇ ಇತ್ತು. ಆ ಹಳೆಯ ವರದಿಯನ್ನು ಇವತ್ತು ಆಧಾರವಾಗಿ ತೆಗೆದುಕೊಂಡರೆ ತಪ್ಪು. ಹುಡುಕಿದಾಗ ಹಳೆಯ ವರದಿಗಳೂ ಅಂತಿಮ ಪಟ್ಟಿಯ ಜೊತೆಜೊತೆಗೇ ಎದ್ದು ಬರುತ್ತವೆ, ಹಾಗಾಗಿ ಇದು ಬಹಳ ಸುಲಭವಾಗಿ ಆಗುವ ತಪ್ಪು. ಯಾವ ಸರ್ಕಾರಿ ಅಂಕಿ ಸಿಕ್ಕರೂ ಮೊದಲು ಕೇಳಬೇಕಾದ್ದು ಇದನ್ನೇ: ಇದು ತಾತ್ಕಾಲಿಕವೋ ಅಂತಿಮವೋ? ಜಿಡಿಪಿ ಅಂಕಿಗಳೂ ಹೀಗೇ ಮೊದಲ ಅಂದಾಜು, ಪರಿಷ್ಕೃತ ಅಂದಾಜು ಎಂದು ಹಲವು ಸುತ್ತಿನಲ್ಲಿ ಬರುತ್ತವೆ.

ಇನ್ನೊಂದು ಸಣ್ಣ ಅಭ್ಯಾಸ ಮಾಡಿಕೊಳ್ಳಿ. ಅನುಪಾತ, ಶೇಕಡಾವಾರು ಏನೇ ಇರಲಿ, ಅದರ ಹಿಂದಿನ ಎರಡು ಮೂಲ ಸಂಖ್ಯೆಗಳನ್ನು ಹುಡುಕಿ ನೀವೇ ಭಾಗಿಸಿ ನೋಡಿ. 2011ರಲ್ಲಿ ಭಾರತದ ಗಂಡಸರು ಸುಮಾರು 62.33 ಕೋಟಿ, ಹೆಂಗಸರು 58.76 ಕೋಟಿ. 58.76ನ್ನು 62.33ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ 943 ಬರುತ್ತದೆ. ಹೀಗೆ ಮಾಡಿದಾಗ ಉತ್ತರ ಸರಿಯಿದೆಯಾ ಎಂದು ತಿಳಿಯುವುದಲ್ಲದೆ, ಅದು ಯಾರ ಲೆಕ್ಕ ಅನ್ನುವುದೂ ಮನಸ್ಸಿನಲ್ಲಿ ಕೂರುತ್ತದೆ. ಇಡೀ ದೇಶದ, ಎಲ್ಲ ವಯಸ್ಸಿನವರ ಅಂಕಿಯನ್ನು ಕರ್ನಾಟಕದ ಮಕ್ಕಳಿಗೆ ಹಚ್ಚುವ ಅಪಾಯ ಆಮೇಲೆ ಇರುವುದಿಲ್ಲ.

ಈಗ 1034ಕ್ಕೆ ಬನ್ನಿ. ನೀವು ಅದನ್ನು 943ರ ಪಕ್ಕದಲ್ಲಿಟ್ಟು "ಏರಿತು" ಎಂದಿದ್ದೀರಿ. ಶೀಟ್‌ನ ಐದು ಖಾನೆಗಳನ್ನೂ ತುಂಬಿ ನೋಡಿ, ಒಂದೂ ಹೊಂದುವುದಿಲ್ಲ. 943 ಮಕ್ಕಳ ಲೆಕ್ಕ, 1034 ಎಲ್ಲ ವಯಸ್ಸಿನವರ ಲೆಕ್ಕ. 943 ಬಂದದ್ದು ಪ್ರತಿ ಮನೆಗೂ ಹೋಗುವ ಜನಗಣತಿಯಿಂದ. 1034 ಬಂದದ್ದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಿಂದ, ಅಂದರೆ ಕೆಲವೇ ಮನೆಗಳನ್ನು ಆರಿಸಿಕೊಂಡು ಮಾಡುವ ಸ್ಯಾಂಪಲ್ ಸರ್ವೆಯಿಂದ. ಗಣತಿ ನಡೆಸಿದ್ದು ರಿಜಿಸ್ಟ್ರಾರ್ ಜನರಲ್ ಕಚೇರಿ, ಸಮೀಕ್ಷೆ ನಡೆಸಿದ್ದು ಆರೋಗ್ಯ ಸಚಿವಾಲಯಕ್ಕಾಗಿ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ವರ್ಷವೂ 2021 ಅಲ್ಲ. ಸಮೀಕ್ಷೆಯ ಹೆಸರಿನಲ್ಲಿ 2019–21 ಎಂದಿದೆ, ಆದರೆ ಅದು ಎರಡು ಹಂತದಲ್ಲಿ ನಡೆಯಿತು. ಕರ್ನಾಟಕ ಮೊದಲ ಹಂತದಲ್ಲಿತ್ತು. ಇಲ್ಲಿ ಮಾಹಿತಿ ಸಂಗ್ರಹಿಸಿದ್ದು 2019ರ ಎರಡನೇ ಅರ್ಧದಲ್ಲಿ, ಕೋವಿಡ್ ಬರುವ ಮುಂಚೆ. ರಾಜ್ಯದ ಅಂಕಿ 2020ರ ಡಿಸೆಂಬರ್‌ನಲ್ಲೇ ಹೊರಬಂದಿತ್ತು. "2021ರಲ್ಲಿ ಕರ್ನಾಟಕದಲ್ಲಿ" ಎಂದು ಬರೆದರೆ, ಓದುವವರು ಕೋವಿಡ್ ನಂತರದ ಸ್ಥಿತಿ ಎಂದೇ ತಿಳಿಯುತ್ತಾರೆ.

ಹಾಗಾದರೆ 1020 ಏನು? 2021ರ ನವೆಂಬರ್‌ನಲ್ಲಿ ಅದು ದೇಶದ ಉದ್ದಗಲಕ್ಕೂ ದೊಡ್ಡ ಸುದ್ದಿಯಾಯಿತು. ಭಾರತದಲ್ಲಿ ಮೊದಲ ಬಾರಿಗೆ ಹೆಂಗಸರ ಸಂಖ್ಯೆ ಗಂಡಸರನ್ನು ಮೀರಿತು ಎಂದು ತಲೆಬರಹ ಬಂತು. ಇದನ್ನು ಪರೀಕ್ಷಿಸುವ ಸರಳ ದಾರಿ, ಅದೇ ಸಮೀಕ್ಷೆಯ ಹಿಂದಿನ ಸುತ್ತುಗಳನ್ನು ನೋಡುವುದು. 2005–06ರ ಮೂರನೇ ಸುತ್ತಿನಲ್ಲಿ ಇದೇ ಸಂಖ್ಯೆ 1000 ಇತ್ತು. 2015–16ರ ನಾಲ್ಕನೇ ಸುತ್ತಿನಲ್ಲಿ 991. ಈಗ ಜನಗಣತಿಯನ್ನು ಪಕ್ಕದಲ್ಲಿಡಿ: 2001ರಲ್ಲಿ 933, 2011ರಲ್ಲಿ 943. 2005–06ರಲ್ಲಿ ನಿಜಕ್ಕೂ ಸಮಸಮ ಇದ್ದಿದ್ದರೆ, ಅದಕ್ಕೆ ಮುಂಚಿನ ಗಣತಿ 933, ನಂತರದ ಗಣತಿ 943 ತೋರಿಸಲು ಹೇಗೆ ಸಾಧ್ಯ? ಅಂದರೆ ಈ ಸಮೀಕ್ಷೆ ಯಾವಾಗಲೂ ಜನಗಣತಿಗಿಂತ ಹೆಚ್ಚು ಹೆಂಗಸರನ್ನು ತೋರಿಸುತ್ತದೆ. ಅದು ಸಮೀಕ್ಷೆಯ ತಪ್ಪಲ್ಲ, ಅದು ಎಣಿಸುವ ರೀತಿಯೇ ಹಾಗೆ.

ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದವರನ್ನು ಈ ಸಮೀಕ್ಷೆ ಲೆಕ್ಕಕ್ಕೆ ಹಿಡಿಯುತ್ತದೆ. ದುಡಿಯಲು ಊರು ಬಿಟ್ಟು ಹೋದ ಗಂಡಸು ಆ ರಾತ್ರಿ ಮನೆಯಲ್ಲಿ ಇರುವುದಿಲ್ಲ. ಅವನು ಇರುವ ಹಾಸ್ಟೆಲ್, ಸೇನೆಯ ಬ್ಯಾರಕ್ಕು, ಜೈಲು ಇಂಥ ಜಾಗಗಳಿಗೆ ಸಮೀಕ್ಷೆಯವರು ಹೋಗುವುದಿಲ್ಲ, ಏಕೆಂದರೆ ಅವರ ಪಟ್ಟಿಯಲ್ಲಿ ಇರುವುದು ಮನೆಗಳು ಮಾತ್ರ. ಈ ಗಂಡಸು ಎರಡೂ ಕಡೆ ಲೆಕ್ಕಕ್ಕೆ ಸಿಗದೆ ಹೋಗುತ್ತಾನೆ. ಅದರ ಗುರುತು ಅಂಕಿಗಳಲ್ಲೇ ಕಾಣುತ್ತದೆ: ಐದನೇ ಸುತ್ತಿನಲ್ಲಿ ಹಳ್ಳಿಗಳಲ್ಲಿ 1037, ಪಟ್ಟಣಗಳಲ್ಲಿ 985. ಕುಟುಂಬಗಳ ಆರೋಗ್ಯ ತಿಳಿಯಲು ಈ ಸಮೀಕ್ಷೆಗಿಂತ ಒಳ್ಳೆಯ ಮೂಲ ನಮ್ಮಲ್ಲಿ ಇಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ದೇಶದಲ್ಲಿ ಹೆಂಗಸರೆಷ್ಟು ಗಂಡಸರೆಷ್ಟು ಎಂದು ಎಣಿಸಲು ಮಾಡಿದ್ದಲ್ಲ ಅದು. ಅದಕ್ಕೆ ಗಣತಿಯೇ ಬೇಕು. 2021ರ ಗಣತಿ ನಡೆಯಲಿಲ್ಲ, ಮುಂದಿನದು 2027ಕ್ಕೆ ನಿಗದಿಯಾಗಿದೆ. ಹಾಗಾಗಿ "ಹೆಂಗಸರು ಜಾಸ್ತಿಯಾಗಿದ್ದಾರೆ" ಅನ್ನುವ ವಾಕ್ಯಕ್ಕೆ ಸದ್ಯ ಆಧಾರ ಇಲ್ಲ, ತೆಗೆದುಬಿಡಿ.

ನಿಮ್ಮ ಲೇಖನದ ಅಸಲು ವಿಷಯ ಹೆಣ್ಣು ಭ್ರೂಣಹತ್ಯೆ. ಅದಕ್ಕೆ ಒಟ್ಟು ಜನಸಂಖ್ಯೆಯ ಲಿಂಗಾನುಪಾತ ಬೇಕಿರಲೇ ಇಲ್ಲ. ಅಜ್ಜಿಯರು ಅಜ್ಜಂದಿರಿಗಿಂತ ಹೆಚ್ಚು ವರ್ಷ ಬದುಕಿದರೂ ಅದು ಏರುತ್ತದೆ. ನಿಮಗೆ ಬೇಕಾದ್ದು ಜನನ ಸಮಯದ ಲಿಂಗಾನುಪಾತ, ಅಂದರೆ ಸಾವಿರ ಗಂಡು ಶಿಶುಗಳಿಗೆ ಹುಟ್ಟಿದ ಹೆಣ್ಣು ಶಿಶುಗಳು ಎಷ್ಟು ಅನ್ನುವುದು. 1020 ಬಂದದ್ದು ಸಮೀಕ್ಷೆಯ ಮುಖ್ಯ ಅಂಕಿಗಳ ಚಿಕ್ಕ ಪಟ್ಟಿಯಿಂದ, ಅದನ್ನು ಫ್ಯಾಕ್ಟ್ ಶೀಟ್ ಅನ್ನುತ್ತಾರೆ. ಅದರಲ್ಲೇ, ಅದೇ ಪುಟದಲ್ಲಿ, ಅದರ ಹತ್ತಿರದಲ್ಲೇ ಈ ಸಂಖ್ಯೆಯೂ ಇದೆ: 929. ತಲೆಬರಹ ಮಾಡಿದವರು ಅಲ್ಲಿಯವರೆಗೆ ಕಣ್ಣು ಹಾಯಿಸಿದ್ದರೆ ಸುದ್ದಿಯೇ ಬೇರೆ ಆಗುತ್ತಿತ್ತು. ಯಾರೂ ಕೈಹಾಕದಿದ್ದರೆ ಸಾಮಾನ್ಯವಾಗಿ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ಸಾವಿರಕ್ಕೆ ಸುಮಾರು 952. ಹಾಗಾಗಿ 929 ಇನ್ನೂ ಕಡಿಮೆಯೇ. ಹಾಗೇ ಒಂದು ಎಚ್ಚರಿಕೆ: ವಿದೇಶಿ ವರದಿಗಳು ಇದನ್ನು ತಿರುಗಿಸಿ, 100 ಹುಡುಗಿಯರಿಗೆ ಎಷ್ಟು ಹುಡುಗರು ಎಂದು ಬರೆಯುತ್ತವೆ. 929ನ್ನು ಹಾಗೆ ತಿರುಗಿಸಿದರೆ 107.6 ಆಗುತ್ತದೆ. ಅಲ್ಲಿ ಸಂಖ್ಯೆ ಏರಿದರೆ ಹುಡುಗಿಯರು ಕಡಿಮೆಯಾದರು ಎಂದರ್ಥ. ಅನುವಾದ ಮಾಡುವಾಗ ಇದು ಎಷ್ಟೋ ಸಲ ಉಲ್ಟಾ ಆಗಿಬಿಡುತ್ತದೆ.

ಕರ್ನಾಟಕದ್ದು ಕೇಳಿದರೆ, ಜನನ ಸಮಯದ ಲಿಂಗಾನುಪಾತ ನಾಲ್ಕನೇ ಸುತ್ತಿನಲ್ಲಿ 910, ಐದನೇ ಸುತ್ತಿನಲ್ಲಿ 978. ಇದನ್ನು ನೋಡಿದ ಕೂಡಲೇ "68 ಅಂಕ ಜಿಗಿತ, ಯೋಜನೆಯ ಯಶಸ್ಸು" ಎಂದು ಬರೆಯಬೇಕು ಅನ್ನಿಸುತ್ತದೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಸ್ಯಾಂಪಲ್ ಸರ್ವೆಯಲ್ಲಿ ಬರುವ ಪ್ರತಿ ಸಂಖ್ಯೆಗೂ ಒಂದು ಆಚೀಚೆ ಇದ್ದೇ ಇರುತ್ತದೆ. ಮನೆಗಳನ್ನು ಬೇರೆ ಆರಿಸಿದ್ದರೆ ಉತ್ತರ ಒಂದಿಷ್ಟು ಬೇರೆ ಬರುತ್ತಿತ್ತು. ಎಷ್ಟು ಬೇರೆ? ಲಿಂಗಾನುಪಾತಕ್ಕೆ ಒಂದು ಸುಲಭ ಲೆಕ್ಕ ಇದೆ. ಎಣಿಸಿದ ಜನನಗಳ ಸಂಖ್ಯೆಯ ವರ್ಗಮೂಲ ತೆಗೆದು, 4000ವನ್ನು ಅದರಿಂದ ಭಾಗಿಸಿ. ಬಂದದ್ದೇ ಆಚೀಚೆ. ಅನುಪಾತ ಸಾವಿರದ ಹತ್ತಿರ ಇರುವಾಗ ಈ ಲೆಕ್ಕ ನಡೆಯುತ್ತದೆ, ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ನಿಜವಾದ ಉತ್ತರ ಈ ಅಂತರದ ಒಳಗೆ ಇರುತ್ತದೆ.

```
ಆಚೀಚೆ = 4000 / √(ಜನನಗಳು)
```

ಐದನೇ ಸುತ್ತಿನಲ್ಲಿ ಇಡೀ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಐದು ವರ್ಷದ ಜನನಗಳು ಸುಮಾರು 2.3 ಲಕ್ಷ. ಲೆಕ್ಕ ಹಾಕಿದರೆ ಆಚೀಚೆ ಸುಮಾರು 8. ನಾಲ್ಕನೇ ಸುತ್ತಿನಲ್ಲಿ ದೇಶದ ಜನನ ಸಮಯದ ಲಿಂಗಾನುಪಾತ 919 ಇತ್ತು, ಅದಕ್ಕೂ ಆಚೀಚೆ ಹೆಚ್ಚುಕಡಿಮೆ ಅಷ್ಟೇ. ಎರಡು ಸಂಖ್ಯೆಗಳ ವ್ಯತ್ಯಾಸ ನೋಡುವಾಗ ಎರಡರ ಆಚೀಚೆಯೂ ಸೇರಿ ಸುಮಾರು 11 ಆಗುತ್ತದೆ (ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು, ಸುಮ್ನೆ ಕೂಡಿಸುವುದಲ್ಲ). 919ರಿಂದ 929ಕ್ಕೆ ಆದ ಬದಲಾವಣೆ 10. ಅಂದರೆ ಇಡೀ ದೇಶದ ಮಟ್ಟದಲ್ಲೂ ಏರಿಕೆ ಖಚಿತ ಎಂದು ಈ ಸಮೀಕ್ಷೆಯೊಂದನ್ನೇ ಇಟ್ಟುಕೊಂಡು ಹೇಳಲಾಗುವುದಿಲ್ಲ. ಒಂದು ರಾಜ್ಯದಲ್ಲಿ ಜನನಗಳು ಕೆಲವೇ ಸಾವಿರ. 8 ಸಾವಿರ ಎಂದಿಟ್ಟುಕೊಂಡರೆ ಆಚೀಚೆ 45, ಎರಡು ಸುತ್ತು ಸೇರಿಸಿದರೆ 63. ಕರ್ನಾಟಕದ 68 ಅದನ್ನು ಕೂದಲೆಳೆಯಷ್ಟು ದಾಟುತ್ತದೆ. ಏರಿಕೆ ಆಗಿರುವ ಸಾಧ್ಯತೆ ಇದೆ, 68ರಷ್ಟೇ ಆಗಿದೆ ಎನ್ನಲಾಗದು. ಸಮೀಕ್ಷೆಯವರು ಮನೆಗಳನ್ನು ಗುಂಪು ಗುಂಪಾಗಿ ಆರಿಸುವುದರಿಂದ ನಿಜವಾದ ಆಚೀಚೆ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಪೂರ್ಣ ವರದಿಯ ಅನುಬಂಧದಲ್ಲಿ ಮುಖ್ಯ ಸೂಚ್ಯಂಕಗಳಿಗೆ ಈ ಲೆಕ್ಕವನ್ನು ಅವರೇ ಕೊಟ್ಟಿರುತ್ತಾರೆ, ಅದನ್ನು ತೆರೆದು ನೋಡುವವರು ಮಾತ್ರ ಕಡಿಮೆ.

ಜಿಲ್ಲೆಯ ಮಟ್ಟಕ್ಕೆ ಇಳಿದರೆ ಇದು ಇನ್ನೂ ಕಷ್ಟ. ಸಮೀಕ್ಷೆಗೆ ಆರಿಸಿದ್ದು ಪ್ರತಿ ಜಿಲ್ಲೆಯಲ್ಲಿ ಸರಾಸರಿ 900 ಮನೆಗಳು. ಅಲ್ಲಿ ಐದು ವರ್ಷದಲ್ಲಿ 300 ಮಕ್ಕಳು ಹುಟ್ಟಿದ್ದಾರೆ ಎಂದುಕೊಂಡರೆ ಆಚೀಚೆ 230 ಆಗುತ್ತದೆ. ಫ್ಯಾಕ್ಟ್ ಶೀಟ್‌ನಲ್ಲಿ ಒಂದು ಜಿಲ್ಲೆಗೆ 850 ಎಂದಿದ್ದರೆ ಅದು 620 ಇರಬಹುದು, 1080 ಇರಬಹುದು. "ಈ ಜಿಲ್ಲೆಯಲ್ಲಿ ಭ್ರೂಣಹತ್ಯೆ ಮಿತಿಮೀರಿದೆ" ಎಂದು ಆ ಒಂದು ಅಂಕಿಯ ಬಲದ ಮೇಲೆ ಬರೆದರೆ ಒಂದು ಊರಿನ ಜನರ ಮೇಲೆ ಆಧಾರ ಇಲ್ಲದ ಆಪಾದನೆ ಹೊರಿಸಿದ ಹಾಗೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ, ಏಕೆಂದರೆ ಅಂಥ ಲೇಖನಗಳು ಮತ್ತೆ ಮತ್ತೆ ಬರುತ್ತಿವೆ. ಈ ಸಮೀಕ್ಷೆಯ ಪಟ್ಟಿಗಳಲ್ಲಿ ಆವರಣದೊಳಗೆ ಇಟ್ಟ ಸಂಖ್ಯೆ ಕಂಡರೆ, ಅದು 25ರಿಂದ 49 ಪ್ರಕರಣಗಳ ಮೇಲೆ ನಿಂತದ್ದು. ನಕ್ಷತ್ರ ಚಿಹ್ನೆ ಇದ್ದರೆ 25ಕ್ಕಿಂತ ಕಡಿಮೆ, ಹಾಗಾಗಿ ಅಂಕಿಯನ್ನೇ ಕೊಟ್ಟಿರುವುದಿಲ್ಲ. ಆ ಆವರಣವನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ನಕಲು ಮಾಡಬೇಡಿ.

"ಇದಕ್ಕೆ ಬೇಟಿ ಬಚಾವೋ ಯೋಜನೆ ಕಾರಣ" ಅನ್ನುವ ಮಾತು ಇನ್ನು ಉಳಿಯಿತು. ಯೋಜನೆ ಶುರುವಾದದ್ದು 2015ರ ಜನವರಿಯಲ್ಲಿ. ಐದನೇ ಸುತ್ತಿನ ಕರ್ನಾಟಕದ ಅಂಕಿ 2014ರ ಮಧ್ಯದಿಂದ 2019ರವರೆಗೆ ಹುಟ್ಟಿದ ಮಕ್ಕಳದು. ಕಾಲವೇನೋ ಹೊಂದುತ್ತದೆ. ಆದರೆ ಒಂದಾದ ಮೇಲೆ ಇನ್ನೊಂದು ಬಂತು ಎಂದ ಮಾತ್ರಕ್ಕೆ ಮೊದಲನೆಯದು ಕಾರಣ ಆಗುವುದಿಲ್ಲ. ಏರಿಕೆಯೇ ಅನುಮಾನದಲ್ಲಿ ಇರುವಾಗ ಅದಕ್ಕೆ ಕಾರಣ ಹೇಳುವುದು ಇನ್ನೂ ದುಡುಕು. ಯೋಜನೆ ಇದ್ದ ಮತ್ತು ಇಲ್ಲದ ಜಿಲ್ಲೆಗಳನ್ನು ಹೋಲಿಸಿದ ಅಧ್ಯಯನ ಸಿಕ್ಕರೆ ಅದನ್ನು ಹೆಸರು ಹೇಳಿ ಬರೆಯಿರಿ. ಇಲ್ಲವಾದರೆ ಆ ವಾಕ್ಯ ಬೇಡ. ಇನ್ನೊಂದು ಮೂಲದ ಜೊತೆ ತಾಳೆ ನೋಡುವುದೂ ಒಳ್ಳೆಯದು. ರಿಜಿಸ್ಟ್ರಾರ್ ಜನರಲ್ ಅವರ ಸ್ಯಾಂಪಲ್ ರಿಜಿಸ್ಟ್ರೇಷನ್ ಸಿಸ್ಟಂ, ಎಸ್‌ಆರ್‌ಎಸ್ ಅನ್ನುತ್ತಾರಲ್ಲ, ಅದು ಆರಿಸಿದ ಊರುಗಳಲ್ಲಿ ಜನನ ಮರಣಗಳನ್ನು ವರ್ಷವಿಡೀ ಬರೆದುಕೊಳ್ಳುತ್ತದೆ. ಅದರ ಪ್ರಕಾರ ದೇಶದ ಜನನ ಸಮಯದ ಲಿಂಗಾನುಪಾತ 2017–19ರಲ್ಲಿ 904, 2018–20ರಲ್ಲಿ 907. ಸಮೀಕ್ಷೆಯ 929ಕ್ಕಿಂತ ಸಾಕಷ್ಟು ಕಡಿಮೆ. ಎರಡು ಮೂಲ ಎರಡು ಉತ್ತರ ಕೊಟ್ಟಾಗ ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಬೇಡಿ. ಎರಡನ್ನೂ ಕೊಡಿ, ಯಾವುದು ಹೇಗೆ ಎಣಿಸಿದ್ದು ಎಂದು ಒಂದೊಂದು ಸಾಲು ಸೇರಿಸಿ. ಮುಖ್ಯವಾದ ಮಾತು: 904ನ್ನು ಒಂದರಿಂದ, 929ನ್ನು ಇನ್ನೊಂದರಿಂದ ತೆಗೆದು ಸೇರಿಸಿ "ಏರಿಕೆ" ಮಾಡಬಾರದು. ಹೋಲಿಕೆ ಯಾವಾಗಲೂ ಒಂದೇ ಮೂಲದ ಒಳಗೆ.

ಈಗ ಅಮರ್ತ್ಯ ಸೇನ್ ಹೇಳಿದ್ದು. ಇದು ಅಂಕಿಗೂ ಉಲ್ಲೇಖಕ್ಕೂ ಸೇರಿದ ವಿಷಯ. ಅವರು 1990ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು, ಹತ್ತು ಕೋಟಿಗೂ ಹೆಚ್ಚು ಹೆಂಗಸರು ಕಾಣೆಯಾಗಿದ್ದಾರೆ ಎಂಬುದು ಅದರ ತಲೆಬರಹದಲ್ಲೇ ಇದೆ. ನಿಮ್ಮ ವಾಕ್ಯದಲ್ಲಿ ಮೂರು ಕಡೆ ಅದು ಬದಲಾಗಿದೆ. ಅವರು ಹೇಳಿದ್ದು ಭಾರತ ಒಂದರ ಬಗ್ಗೆ ಅಲ್ಲ, ಚೀನಾ, ದಕ್ಷಿಣ ಏಷ್ಯಾ, ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾ ಎಲ್ಲ ಸೇರಿಸಿ. ಅವರು ಹೇಳಿದ್ದು ಎಲ್ಲ ವಯಸ್ಸಿನ ಹೆಂಗಸರ ಬಗ್ಗೆ, ಮಕ್ಕಳ ಬಗ್ಗೆ ಮಾತ್ರ ಅಲ್ಲ. ಮುಖ್ಯವಾಗಿ, ಅವರು ಬೆರಳು ತೋರಿಸಿದ್ದು ಹೆಣ್ಣುಮಕ್ಕಳ ಆರೋಗ್ಯ, ಆಹಾರ, ಆರೈಕೆಯಲ್ಲಿನ ಅಲಕ್ಷ್ಯದ ಕಡೆಗೆ. ಭ್ರೂಣಹತ್ಯೆಯೇ ಕಾರಣ ಅನ್ನುವುದು ನಂತರ ಯಾರೋ ಸೇರಿಸಿದ್ದು. ದೊಡ್ಡವರ ಹೆಸರಿನ ಜೊತೆ ಓಡಾಡುವ ಸಂಖ್ಯೆಗಳಿಗೆ ಹೀಗೆ ಆಗುವುದು ಸಾಮಾನ್ಯ. ಕೈಯಿಂದ ಕೈಗೆ ಹೋಗುವಾಗ ದೇಶ ಬದಲಾಗುತ್ತದೆ, ಕಾಲ ಬಿದ್ದುಹೋಗುತ್ತದೆ, "ಅಂದಾಜು" ಅನ್ನುವ ಪದ ಮಾಯವಾಗುತ್ತದೆ. ಮೂಲ ಪ್ರಬಂಧವನ್ನು ಓದದೆ "ಸೇನ್ ಹೇಳಿದ್ದಾರೆ" ಎಂದು ಬರೆಯಬಾರದು. ಓದಲು ಸಿಗದಿದ್ದರೆ "ಸೇನ್ ಹೀಗೆ ಹೇಳಿದ್ದಾಗಿ ಇಂಥ ಪತ್ರಿಕೆ ಬರೆದಿದೆ" ಎಂದು ಇರುವುದನ್ನು ಇದ್ದ ಹಾಗೆ ಬರೆಯಿರಿ.

ಮೂಲ ಹುಡುಕುವುದು ಅಂದುಕೊಂಡಷ್ಟು ಕಷ್ಟ ಅಲ್ಲ. ಪತ್ರಿಕೆಯ ವರದಿಯಿಂದ ಹಿಂದಕ್ಕೆ ಹೋಗಬೇಕು: ವರದಿಯಿಂದ ಕೇಂದ್ರ ಸರ್ಕಾರದ ವಾರ್ತಾ ಕಚೇರಿಯಾದ ಪಿಐಬಿಯ ಪ್ರಕಟಣೆಗೆ, ಅಲ್ಲಿಂದ ಫ್ಯಾಕ್ಟ್ ಶೀಟ್‌ಗೆ, ಅಲ್ಲಿಂದ ಪೂರ್ಣ ವರದಿಯ ಕೋಷ್ಟಕಕ್ಕೆ. ಹುಡುಕುವಾಗ ಜಾಲತಾಣವನ್ನೂ ಕಡತದ ಬಗೆಯನ್ನೂ ಹೇಳಿದರೆ ಪತ್ರಿಕೆಗಳ ಗದ್ದಲ ಕಡಿಮೆಯಾಗುತ್ತದೆ.

```
"child sex ratio" Karnataka site:censusindia.gov.in filetype:pdf
```

ಸಿಕ್ಕ ಪಿಡಿಎಫ್ ಅನ್ನು ನಿಮ್ಮ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಿ, ಪುಟದ ಲಿಂಕನ್ನು web.archive.org ನಲ್ಲೂ ಉಳಿಸಿ. ಸರ್ಕಾರಿ ತಾಣಗಳು ಹೊಸದಾದಾಗ ಹಳೆಯ ಲಿಂಕುಗಳು ಸತ್ತುಹೋಗುತ್ತವೆ, ಆಮೇಲೆ ಯಾರಾದರೂ ಕೇಳಿದರೆ ನಿಮ್ಮ ಬಳಿ ಏನೂ ಇರುವುದಿಲ್ಲ. ರಾಜ್ಯ ಸರ್ಕಾರದ ಹಳೆಯ ಕನ್ನಡ ಪಿಡಿಎಫ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಮಾಡಿದ ಕಡತವಾದರೆ ಕನ್ನಡದಲ್ಲಿ ಹುಡುಕಿದರೂ ಸಿಗುವುದಿಲ್ಲ, ನಕಲು ಮಾಡಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಅಂಥ ಕಡತದಿಂದ ಅಂಕಿಗಳನ್ನು ಕೈಯಲ್ಲೇ ಬರೆದುಕೊಳ್ಳಿ, ಬರೆದ ಮೇಲೆ ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಅದಲುಬದಲಾಗುವುದು ಬಹಳ ಸುಲಭ.

ಇನ್ನು ಅನುವಾದದ ಪ್ರಶ್ನೆ. ನೇರವಾಗಿ ಹೇಳುತ್ತೇನೆ: ಇನ್ನೊಬ್ಬರ ಇಂಗ್ಲಿಷ್ ಪ್ಯಾರಾವನ್ನು ಕನ್ನಡಕ್ಕೆ ತಂದು ನಿಮ್ಮ ಹೆಸರಿನಲ್ಲಿ ಹಾಕಿದರೆ ಅದು ಕೃತಿಚೌರ್ಯವೇ. ಭಾಷೆ ಬದಲಾದ ಮಾತ್ರಕ್ಕೆ ಬರಹ ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದ ಮಾಡುವ ಹಕ್ಕು ಕೂಡ ಮೂಲ ಬರಹದ ಹಕ್ಕುದಾರರಿಗೇ ಸೇರಿದ್ದು. 929 ಅನ್ನುವ ಅಂಕಿ ಯಾರ ಸ್ವತ್ತೂ ಅಲ್ಲ, ಅದನ್ನು ಯಾರು ಬೇಕಾದರೂ ಬಳಸಬಹುದು. ಆ ಅಂಕಿಯನ್ನು ವಿವರಿಸಿದ ವಾಕ್ಯ, ಉದಾಹರಣೆಗಳನ್ನು ಜೋಡಿಸಿದ ಕ್ರಮ, ಎಳೆದ ಗ್ರಾಫ್ ಇವು ಬರೆದವರಿಗೆ ಸೇರಿದ್ದು. ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್‌ಗೆ ನಿಮ್ಮ ಲೇಖನ ಹಾಕಿ "ಶೇ. 0" ಬಂತು ಎಂದು ಸಮಾಧಾನ ಪಡಬೇಡಿ. ಅವುಗಳಲ್ಲಿ ಹೆಚ್ಚಿನವು ಅದೇ ಭಾಷೆಯ ಪದಗಳನ್ನು ಹೋಲಿಸುತ್ತವೆ, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು ಅವಕ್ಕೆ ಸಿಕ್ಕಿಬೀಳುವುದು ಅಪರೂಪ.

ಹಾಗಾಗಿ ನೀವೇ ನೋಡಿಕೊಳ್ಳಬೇಕು. ನಿಮ್ಮ ಪ್ಯಾರಾವನ್ನೂ ಮೂಲದ ಪ್ಯಾರಾವನ್ನೂ ಅಕ್ಕಪಕ್ಕ ಇಟ್ಟು, ಪದಗಳನ್ನು ಬಿಟ್ಟು, ವಿಷಯಗಳು ಬಂದ ಕ್ರಮವನ್ನು ಮಾತ್ರ ಅಂಚಿನಲ್ಲಿ ಬರೆಯಿರಿ. ಮೊದಲು ಹರಿಯಾಣದ ಉದಾಹರಣೆ, ಆಮೇಲೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ, ಆಮೇಲೆ ಒಬ್ಬ ವೈದ್ಯರ ಮಾತು, ಹೀಗೆ. ಎರಡರ ಕ್ರಮವೂ ಒಂದೇ ಆಗಿದ್ದರೆ ಅದು ಅವರ ಪ್ಯಾರಾ, ಪದ ಎಷ್ಟೇ ಬದಲಾಯಿಸಿರಲಿ. ಸರಿಪಡಿಸಲು ಪದಗಳನ್ನು ಇನ್ನಷ್ಟು ತಿರುಚುವುದು ದಾರಿಯಲ್ಲ. ಮೂಲವನ್ನು ಮುಚ್ಚಿಟ್ಟು, ನಿಮ್ಮ ಐದು ಖಾನೆಯ ಶೀಟ್ ಒಂದನ್ನೇ ಎದುರಿಗಿಟ್ಟುಕೊಂಡು ಆ ಭಾಗವನ್ನು ಮತ್ತೆ ಬರೆಯಿರಿ. ಅವರ ವಾದವೇ ನಿಮಗೆ ಬೇಕಿದ್ದರೆ ಅವರ ಹೆಸರು, ಪತ್ರಿಕೆ, ದಿನಾಂಕ ಹೇಳಿ "ಅವರು ಹೀಗೆ ವಾದಿಸುತ್ತಾರೆ" ಎಂದು ಅಲ್ಲೇ ಬರೆಯಿರಿ, ಲೇಖನದ ಕೊನೆಯಲ್ಲಿ "ಆಧಾರ: ವಿವಿಧ ಮೂಲಗಳು" ಎಂದು ಹಾಕುವುದರಿಂದ ಏನೂ ಆಗುವುದಿಲ್ಲ. ಇಂಗ್ಲಿಷ್ ವರದಿಯಲ್ಲಿ ಒಬ್ಬ ವೈದ್ಯರು ಹೇಳಿದ ಮಾತನ್ನು ಬಳಸುವುದಾದರೆ, ಅವರು ಯಾವ ಪತ್ರಿಕೆಗೆ ಹೇಳಿದ್ದು ಎಂಬುದನ್ನು ಬಿಡಬೇಡಿ. ಬಿಟ್ಟರೆ ನಿಮಗೇ ಹೇಳಿದ ಹಾಗೆ ಕಾಣುತ್ತದೆ. ಗ್ರಾಫ್ ಬೇಕಿದ್ದರೆ ಸ್ಕ್ರೀನ್‌ಶಾಟ್ ಹಾಕದೆ ಮೂಲ ಅಂಕಿಗಳಿಂದ ನೀವೇ ಎಳೆಯಿರಿ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಪ್ಯಾರಾ ಹೇಗಿರಬಹುದು? ನಾನಾದರೆ ಹೀಗೆ ಬರೆಯುತ್ತಿದ್ದೆ:

"ಕರ್ನಾಟಕದ 0–6 ವರ್ಷದ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 1991ರ ಜನಗಣತಿಯಲ್ಲಿ 960 ಇತ್ತು, 2001ರಲ್ಲಿ 946ಕ್ಕೆ ಇಳಿಯಿತು, 2011ರ ಅಂತಿಮ ಅಂಕಿಯಲ್ಲಿ 948. ಇಳಿಕೆ ನಿಂತಿತು, ಹಳೆಯ ಮಟ್ಟಕ್ಕೆ ಮರಳಲಿಲ್ಲ. ಆಮೇಲೆ ಗಣತಿ ನಡೆದಿಲ್ಲ. 2019ರಲ್ಲಿ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷದಲ್ಲಿ ಹುಟ್ಟಿದ ಮಕ್ಕಳ ಲಿಂಗಾನುಪಾತ 978 ಎಂದು ಕಂಡಿತು, ಅದಕ್ಕೆ ಹಿಂದಿನ ಸುತ್ತಿನಲ್ಲಿ 910 ಇತ್ತು. ಇದು ಸ್ಯಾಂಪಲ್ ಸರ್ವೆ, ರಾಜ್ಯದ ಮಟ್ಟದಲ್ಲಿ ಹತ್ತಾರು ಅಂಕಗಳ ಏರುಪೇರು ಇರಬಹುದು. ಹಾಗಾಗಿ ಸುಧಾರಣೆ ಎಷ್ಟು ಎಂಬುದು ಮುಂದಿನ ಗಣತಿ ಬಂದ ಮೇಲೆ ಸ್ಪಷ್ಟವಾಗುತ್ತದೆ."

ಮೊದಲಿನಷ್ಟು ಜೋರಾಗಿ ಕೇಳಿಸುವುದಿಲ್ಲ, ನಿಜ. ಆದರೆ ಇದರ ಯಾವ ಸಾಲಿಗೆ ಯಾರು ಎದುರು ನಿಂತರೂ ನಿಮ್ಮ ಬಳಿ ಪುಟ ಇರುತ್ತದೆ.

ಕಳಿಸುವ ದಿನ ಇನ್ನೊಂದು ಕೆಲಸ ಉಳಿಯುತ್ತದೆ. ತಲೆಬರಹ, ಚಿತ್ರದ ಕೆಳಗಿನ ಸಾಲು, ಗ್ರಾಫ್‌ನ ಹೆಸರು ಇವನ್ನು ಬೇರೆಯಾಗಿ ಓದಿ, ಏಕೆಂದರೆ ಒಳಗೆ ತಿದ್ದಿದ ಅಂಕಿ ಅಲ್ಲಿ ಹಳೆಯದಾಗಿಯೇ ಉಳಿದಿರುತ್ತದೆ, ಸಂಪಾದಕರು ತಲೆಬರಹ ಬದಲಿಸುವವರಾದರೆ "ಏರಿಕೆ", "ಮೊದಲ ಬಾರಿ" ಅನ್ನುವ ಪದಗಳು ಬೇಡ ಎಂದು ಒಂದು ಸಾಲು ಬರೆದು ಲೇಖನದ ಜೊತೆಗೇ ಕಳಿಸಿ, ಆ ಐದು ಖಾನೆಯ ಶೀಟನ್ನೂ ಲಗತ್ತಿಸಿ.